ನ್ಯೂಜೆರ್ಸಿಯ ಬರ್ಗರ್ ಅಂಗಡಿಗಳ ಲೆಕ್ಕ

ನನಗೆ ಜಗಳಗಳ ಮೇಲೆ ಪ್ರೀತಿ ಹೆಚ್ಚು, ಅದರಲ್ಲೂ ಓದಿಕೊಂಡವರು ಕಾಗದ ಪತ್ರ ಮುಂದಿಟ್ಟುಕೊಂಡು ಆಡುವ ಜಗಳಗಳ ಮೇಲೆ. ಕನಿಷ್ಠ ಕೂಲಿ ಏರಿಸಿದರೆ ಕೆಲಸಗಳು ಕಡಿಮೆಯಾಗುತ್ತವೆಯೇ ಎಂಬ ಅರ್ಥಶಾಸ್ತ್ರಜ್ಞರ ಜಗಳ ಅಂಥದ್ದು. ಇದನ್ನು ಎಡ-ಬಲಗಳ ಹಳೆಯ ತಕರಾರು ಎಂದು ತಳ್ಳಿಹಾಕುವವರಿದ್ದಾರೆ. ಒಳಗೆ ಹೊಕ್ಕು ನೋಡಿದರೆ, ಬಹುಪಾಲು ಜಗಳ ನಡೆದಿರುವುದು ಎಣಿಕೆಯ ಬಗ್ಗೆ.

1992ರ ಏಪ್ರಿಲ್ 1ರಂದು ಅಮೆರಿಕದ ನ್ಯೂಜೆರ್ಸಿ ರಾಜ್ಯ ಕನಿಷ್ಠ ಕೂಲಿಯನ್ನು ಗಂಟೆಗೆ 4.25 ಡಾಲರಿನಿಂದ 5.05ಕ್ಕೆ ಏರಿಸಿತು. ಪಕ್ಕದ ಪೆನ್ಸಿಲ್ವೇನಿಯಾ ಏರಿಸಲಿಲ್ಲ. ಡೇವಿಡ್ ಕಾರ್ಡ್ ಮತ್ತು ಅಲನ್ ಕ್ರೂಗರ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಏರಿಕೆಗೆ ಮುಂಚೆ ಒಮ್ಮೆ, ವರ್ಷದ ಕೊನೆಗೆ ಇನ್ನೊಮ್ಮೆ, ಎರಡೂ ಕಡೆಯ 410 ಬರ್ಗರ್, ಚಿಕನ್ ಅಂಗಡಿಗಳನ್ನು ವಿಚಾರಿಸಿದರು. ಅರೆಹೊತ್ತಿನ ಇಬ್ಬರನ್ನು ಒಬ್ಬರೆಂದು ಲೆಕ್ಕ ಹಿಡಿದಾಗ, ನ್ಯೂಜೆರ್ಸಿಯ ಅಂಗಡಿಯೊಂದರಲ್ಲಿ ಸರಾಸರಿ 20.4 ಇದ್ದ ಜನ 21.0 ಆಗಿದ್ದರು. ಪೆನ್ಸಿಲ್ವೇನಿಯಾದಲ್ಲಿ 23.3 ಇದ್ದವರು 21.2ಕ್ಕೆ ಇಳಿದಿದ್ದರು. ಕೂಲಿ ಏರಿದ ಕಡೆ ಕೆಲಸ ಹೋಗಲೇ ಇಲ್ಲ ಎಂದು 1994ರಲ್ಲಿ ಅವರು ಪ್ರಕಟಿಸಿದಾಗ ಅರ್ಥಶಾಸ್ತ್ರಜ್ಞರ ವಲಯದಲ್ಲಿ ದೊಡ್ಡ ಗದ್ದಲವೇ ಆಯಿತು.

ಈ ನಾಲ್ಕು ಅಂಕಿಗಳನ್ನು ನಿಧಾನವಾಗಿ ನೋಡಬೇಕು. ನ್ಯೂಜೆರ್ಸಿಯಲ್ಲಿ ಆದ ಬದಲಾವಣೆ ಅರ್ಧ ಆಳಿನಷ್ಟು ಮಾತ್ರ. ದೊಡ್ಡ ಬದಲಾವಣೆ ಆದದ್ದು ಕಾನೂನು ಬದಲಾಗದ ಪೆನ್ಸಿಲ್ವೇನಿಯಾದಲ್ಲಿ. ಆಗ ಆ ಭಾಗದಲ್ಲೆಲ್ಲ ವ್ಯಾಪಾರ ಮಂದವಾಗಿತ್ತು. ಕೂಲಿ ಏರದೇ ಇದ್ದಿದ್ದರೆ ನ್ಯೂಜೆರ್ಸಿಯೂ ಹಾಗೆಯೇ ಎರಡು ಆಳು ಕಳೆದುಕೊಳ್ಳುತ್ತಿತ್ತು ಎಂಬುದು ಕಾರ್ಡ್ ಮತ್ತು ಕ್ರೂಗರ್ ಅವರ ಊಹೆ. ಆ ಊಹೆಯನ್ನು ಒಪ್ಪಿದರೆ ಅವರ ತೀರ್ಮಾನ ನಿಲ್ಲುತ್ತದೆ. ಪೆನ್ಸಿಲ್ವೇನಿಯಾಕ್ಕೆ ಅದರದೇ ಬೇರೆ ತೊಂದರೆ ಇತ್ತು ಎಂದುಕೊಂಡರೆ ಅರ್ಧ ಆಳಷ್ಟೇ ಕೈಯಲ್ಲಿ ಉಳಿಯುತ್ತದೆ. ಆಗದೇ ಹೋದದ್ದನ್ನು ಯಾರೂ ಕಣ್ಣಾರೆ ಕಂಡಿರುವುದಿಲ್ಲವಲ್ಲ.

ಇನ್ನೊಂದು ತಕರಾರು ನನಗೆ ಬಲು ಸ್ವಾರಸ್ಯ ಅನ್ನಿಸಿದ್ದು. ಕಾರ್ಡ್ ಮತ್ತು ಕ್ರೂಗರ್ ಅಂಗಡಿಗಳನ್ನು ಫೋನಿನಲ್ಲಿ ಕೇಳಿದ್ದು ಎಷ್ಟು ಜನ ಕೆಲಸಕ್ಕಿದ್ದಾರೆ ಎಂದು. ನಮ್ಮ ದರ್ಶಿನಿಯ ಗಲ್ಲಾದಲ್ಲಿ ಕೂತವರನ್ನೇ ಹೀಗೆ ಕೇಳಿ ನೋಡಿ: ಒಬ್ಬರು ಈಗ ಒಳಗಿರುವವರನ್ನು ಎಣಿಸುತ್ತಾರೆ, ಇನ್ನೊಬ್ಬರು ಸಂಜೆ ಪಾಳಿಯವರನ್ನೂ ರಜೆಗೆ ಊರಿಗೆ ಹೋದವರನ್ನೂ ಸೇರಿಸುತ್ತಾರೆ. ಡೇವಿಡ್ ನ್ಯೂಮಾರ್ಕ್ ಮತ್ತು ವಿಲಿಯಂ ವಾಷರ್ ಎಂಬ ಅರ್ಥಶಾಸ್ತ್ರಜ್ಞರು ಇದನ್ನೇ ಹಿಡಿದುಕೊಂಡು, ಅಂಗಡಿಗಳ ಸಂಬಳದ ಪಟ್ಟಿ ತರಿಸಿ ಗಂಟೆಗಳನ್ನು ಲೆಕ್ಕ ಹಾಕಿದರು. ಆ ಪಟ್ಟಿಗಳ ಪ್ರಕಾರ ನ್ಯೂಜೆರ್ಸಿಯಲ್ಲಿ ಕೆಲಸ ಸ್ವಲ್ಪ ಇಳಿದಿತ್ತು. ಆದರೆ ಪಟ್ಟಿಗಳ ಮೊದಲ ಕಂತು ಸಂಗ್ರಹವಾದದ್ದು ಹೋಟೆಲ್ ಉದ್ಯಮದ ಬೆಂಬಲವಿದ್ದ ಸಂಸ್ಥೆಯೊಂದರ ಮೂಲಕ. ಕಾರ್ಡ್ ಮತ್ತು ಕ್ರೂಗರ್ ಸರ್ಕಾರಿ ದಾಖಲೆಗಳನ್ನೇ ತೆಗೆದು 2000ದಲ್ಲಿ ಉತ್ತರ ಕೊಟ್ಟರು: ಹೇಳಿಕೊಳ್ಳುವಂಥ ಇಳಿತವಿಲ್ಲ. ಒಂದೇ ಊರುಗಳು, ಒಂದೇ ವರ್ಷ, ಮೂರು ಎಣಿಕೆ.

ಬೆಲೆ ಏರಿದರೆ ಕೊಳ್ಳುವವರು ಕಡಿಮೆಯಾಗುತ್ತಾರೆ, ಕೂಲಿಗೆ ಮಾತ್ರ ಈ ನಿಯಮ ಏಕಿಲ್ಲ? ಅರ್ಥಶಾಸ್ತ್ರಜ್ಞೆ ಜೋನ್ ರಾಬಿನ್ಸನ್ 1933ರಲ್ಲೇ ಇದಕ್ಕೆ ದಾರಿ ತೋರಿಸಿದ್ದರು. ಸುತ್ತ ಬೇರೆ ಕೆಲಸವಿಲ್ಲದ ಕಡೆ ಒಬ್ಬ ಮಾಲೀಕ ಗಂಟೆಗೆ 5 ಡಾಲರಿಗೆ ಹತ್ತು ಜನರನ್ನು ಇಟ್ಟುಕೊಂಡಿದ್ದಾನೆ ಎನ್ನಿ. ಹನ್ನೊಂದನೆಯವನು ಐದೂವರೆ ಇಲ್ಲದೆ ಬರುವುದಿಲ್ಲ. ಅವನಿಗೆ ಕೊಟ್ಟರೆ ಉಳಿದ ಹತ್ತು ಜನಕ್ಕೂ ಅರ್ಧರ್ಧ ಡಾಲರ್ ಏರಿಸಬೇಕು. ಅಲ್ಲಿಗೆ ಆ ಒಬ್ಬನಿಂದ ಖರ್ಚು ಹತ್ತೂವರೆ. ಅವನ ದುಡಿಮೆಯಿಂದ ಬರುವುದು ಎಂಟೇ ಆದರೆ ಮಾಲೀಕ ಅವನನ್ನು ಕರೆಯುವುದೇ ಇಲ್ಲ. ಕಾನೂನು ಎಲ್ಲರಿಗೂ ಐದೂವರೆ ಎಂದುಬಿಟ್ಟರೆ, ಹತ್ತು ಜನಕ್ಕೆ ಹೇಗೂ ಕೊಡಲೇಬೇಕು; ಹನ್ನೊಂದನೆಯವನ ಖರ್ಚು ಬರೀ ಐದೂವರೆ. ಆಗ ಕರೆಯುವುದೇ ಲಾಭ. ಅದೇ ಕಾನೂನು ಒಂಬತ್ತು ಎಂದರೆ ಹನ್ನೊಂದನೆಯವನು ಬರುವುದಿರಲಿ, ಇದ್ದವರಿಗೂ ಕುತ್ತು. ಮಾಲೀಕರು ಹಲವರಿದ್ದು, ಆಳುಗಳಿಗಾಗಿ ಪೈಪೋಟಿ ಇರುವ ಊರಿನಲ್ಲಿ ಈ ಲೆಕ್ಕ ನಡೆಯುವುದಿಲ್ಲ. ಹಾಗಾಗಿ ಎಲ್ಲ ಊರಿಗೂ ಒಂದೇ ಉತ್ತರ ಸಿಗಬೇಕೆಂದು ಬಯಸುವುದೇ ತಪ್ಪು ಎನ್ನುತ್ತೇನೆ ನಾನು.

ನ್ಯೂಜೆರ್ಸಿಯಲ್ಲಿ ಇನ್ನೊಂದು ಸಂಗತಿಯೂ ನಡೆದಿತ್ತು: ಅಲ್ಲಿನ ಊಟದ ಬೆಲೆ ಪೆನ್ಸಿಲ್ವೇನಿಯಾಕ್ಕಿಂತ ಹೆಚ್ಚು ಏರಿತ್ತು. ಏರಿದ ಕೂಲಿಯ ಒಂದು ಪಾಲನ್ನು ಬರ್ಗರ್ ತಿಂದವರೇ ತೆತ್ತಿದ್ದರು.

ಕ್ರೂಗರ್ 2019ರಲ್ಲಿ ತೀರಿಕೊಂಡರು, ಕಾರ್ಡ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನ್ಯೂಮಾರ್ಕ್ ಒಪ್ಪಿಲ್ಲ. ನನ್ನ ಮಟ್ಟಿಗೆ, ಊರಿನ ಸಾಮಾನ್ಯ ಕೂಲಿಗಿಂತ ಕೆಳಗೇ ಉಳಿಯುವ ಹದವಾದ ಏರಿಕೆಯಿಂದ ದೊಡ್ಡ ಅನಾಹುತವಾಗುವುದಿಲ್ಲ ಎನ್ನುವುದಕ್ಕೆ ಸಾಕ್ಷ್ಯ ಗಟ್ಟಿಯಾಗಿದೆ. ಅದನ್ನು ಮೀರಿದ ಏರಿಕೆಗೆ ನ್ಯೂಜೆರ್ಸಿಯ ಆ 80 ಸೆಂಟನ್ನು ಸಾಕ್ಷಿ ಕರೆಯಬಾರದು.