ಫೋಟೊ ದೊಡ್ಡದು, ಅಕ್ಷರ ಚಿಕ್ಕದು

ಹೋದ ವರ್ಷ ನವೆಂಬರಿನಲ್ಲಿ ನಾವು ನಾಲ್ವರು ಸೇರಿ 42 ಜನರಿಗೆ ಒಂದು ಸುಳ್ಳು ಹೇಳಿದೆವು. ಬೇಕಂತ ಹೇಳಿದ್ದಲ್ಲ, ನಂಬಿಕೊಂಡು ಹೇಳಿದ್ದು. ಆದರೆ ದುಡ್ಡು ವಾಪಸ್ ಕೇಳುವವರಿಗೆ ಈ ಎರಡರ ನಡುವೆ ದೊಡ್ಡ ವ್ಯತ್ಯಾಸ ಕಾಣುವುದಿಲ್ಲ.

ನಮ್ಮಲ್ಲೊಬ್ಬನ ಊರು ಕಾಲೇಜಿನಿಂದ 38 ಕಿಲೋಮೀಟರ್. ಅಲ್ಲಿನ ಬಸ್ ಸ್ಟ್ಯಾಂಡ್ ಸರ್ಕಲ್ಲಿನಲ್ಲಿ ರಾಜ್ಯೋತ್ಸವಕ್ಕೆ ಹಾಕಿದ್ದ ಫ್ಲೆಕ್ಸಿನ ಫೋಟೊ ಅವನ ಮೊಬೈಲಿಗೆ ಬಂತು. ನಡುವೆ ಆಳೆತ್ತರದ ರವಿಚಂದ್ರನ್, ಪಕ್ಕದಲ್ಲಿ ‘ಕ್ರೇಜಿಸ್ಟಾರ್ ನೈಟ್’ ಅಂತ ಮಿಂಚುವ ಅಕ್ಷರ, ಕೆಳಗೆ ಸಾಲಾಗಿ ಊರಿನ ಮುಖಂಡರ ಮುಖಗಳು. ಆ ಮುಖಗಳು ನಮಗ್ಯಾಕೆ ಅಂತ ಕೆಳಗಿನ ಅರ್ಧ ಕ್ರಾಪ್ ಮಾಡಿ ಸ್ಟೇಟಸ್ಸಿಗೆ ಹಾಕಿದೆವು: ‘ರವಿಮಾಮ ಬರ್ತಿದ್ದಾರೆ, ಬರೋರು ಹೆಸರು ಕೊಡಿ.’ ತಲಾ 250 ರೂಪಾಯಿಯಂತೆ 42 ಜನ ಕೊಟ್ಟರು. 10,500 ರೂಪಾಯಿ ಆಯಿತು, ಬಸ್ಸು ಗೊತ್ತಾಯಿತು, ಹೊರಟೆವು.

ರಾತ್ರಿ ಒಂಬತ್ತೂವರೆಗೆ ವೇದಿಕೆಗೆ ಬಂದವರು ನಿಜಕ್ಕೂ ಥೇಟ್ ರವಿಚಂದ್ರನ್. ಅದೇ ಕೂದಲು, ಅದೇ ಕತ್ತಿನ ಓರೆ, ಅದೇ ನಗು. ಎರಡು ನಿಮಿಷ ನಮ್ಮ ಹುಡುಗರೆಲ್ಲ ಕುರ್ಚಿ ಹತ್ತಿ ಶಿಳ್ಳೆ ಹೊಡೆದರು. ಆಮೇಲೆ ನಿರೂಪಕರು ಮೈಕಿನಲ್ಲಿ “ನಮ್ಮ ಪ್ರೀತಿಯ ಜ್ಯೂನಿಯರ್ ರವಿಚಂದ್ರನ್ ಅವರಿಗೆ ಜೋರು ಚಪ್ಪಾಳೆ” ಅಂದರು. ಊರಿನವರು ಚಪ್ಪಾಳೆ ತಟ್ಟಿದರು, ನಮ್ಮ 42 ಜನ ಮಾತ್ರ ತಿರುಗಿ ನಮ್ಮನ್ನು ನೋಡಿದರು. ಹಿಂದಿನಿಂದ ಯಾರೋ “ಏ ಡೂಪ್ಲಿಕೇಟು!” ಅಂತ ಕೂಗಿದ. ಕೂಗಿದವನು ನಮ್ಮ ಬಸ್ಸಿನವನೇ.

ಊರಿನವರಲ್ಲಿ ಒಬ್ಬರೂ ಮೋಸಹೋಗಿರಲಿಲ್ಲ ಅನ್ನುವುದು ನಮ್ಮನ್ನು ಹೆಚ್ಚು ಕಾಡಿತು. ಪಕ್ಕದಲ್ಲಿ ಕಡಲೆಕಾಯಿ ಮಾರುತ್ತಿದ್ದ ಅಜ್ಜಿ ಕೂಡ “ಅಸಲಿ ಬಂದಿದ್ರೆ ನೀವು ಇಷ್ಟು ಹತ್ರ ನಿಂತ್ಕೋತಿದ್ರೇನಪ್ಪಾ?” ಅಂದರು. ಅಜ್ಜಿ ವೇದಿಕೆ ಮೇಲಿನ ಮುಖ ನೋಡಿರಲಿಲ್ಲ, ನಾವು ನಿಂತ ಜಾಗ ನೋಡಿದ್ದರು.

ಕಾರ್ಯಕ್ರಮ ಮುಗಿದ ಮೇಲೆ ಕ್ಷಮೆ ಕೇಳೋಣ ಅಂತ ವೇದಿಕೆಯ ಹಿಂದೆ ಹೋದೆವು. ಆ ಕಲಾವಿದರು ಆರ್ಕೆಸ್ಟ್ರಾದವರ ಟೆಂಪೊ ಪಕ್ಕ ನಿಂತು ಒದ್ದೆ ಬಟ್ಟೆಯಲ್ಲಿ ಮೇಕಪ್ ಒರೆಸುತ್ತಿದ್ದರು. “ಕೂಗಿದ್ದು ನಮ್ಮ ಹುಡುಗ ಸರ್, ಸಾರಿ” ಅಂದೆವು. ಅವರಿಗೆ ಕೋಪ ಬಂದಂತೆ ಕಾಣಲಿಲ್ಲ. “ಫ್ಲೆಕ್ಸ್ ಪೂರ್ತಿ ನೋಡಿದ್ರಾ?” ಅಂತ ಕೇಳಿ, ನಮ್ಮನ್ನು ಸರ್ಕಲ್ಲಿಗೆ ಕರೆದುಕೊಂಡು ಹೋಗಿ ಅದರ ಮುಂದೆ ನಿಲ್ಲಿಸಿದರು. ನಾವು ಕತ್ತರಿಸಿ ಬಿಸಾಡಿದ್ದ ಕೆಳಗಿನ ಅರ್ಧದಲ್ಲೇ ಎಲ್ಲ ಇತ್ತು.

ಫ್ಲೆಕ್ಸ್ ಓದುವುದನ್ನು ಅವರು ಕಲಿಸಿಕೊಟ್ಟದ್ದು ಹೀಗೆ. ಮೊದಲು ಫೋಟೊ ಬಿಟ್ಟು ಹೆಸರು ಎಲ್ಲಿದೆ ಅಂತ ಹುಡುಕಬೇಕು. ನಮ್ಮ ಸಮಾರಂಭಗಳ ಆಮಂತ್ರಣಕ್ಕೆ ಒಂದು ಕ್ರಮ ಇದೆ: ಉದ್ಘಾಟನೆ, ಅಧ್ಯಕ್ಷತೆ, ಮುಖ್ಯ ಅತಿಥಿಗಳು, ಸನ್ಮಾನ, ಕೊನೆಗೆ ಮನರಂಜನೆ. ನಿಜವಾದ ನಟ ಬಂದರೆ ಅವರ ಹೆಸರು ಅತಿಥಿಗಳ ಸಾಲಿನಲ್ಲಿ, ಅದೂ ಮೇಲೇ ಇರುತ್ತದೆ. ಈ ಫ್ಲೆಕ್ಸಿನಲ್ಲಿ ಅತಿಥಿಗಳ ಸಾಲಿನಲ್ಲಿ ರವಿಚಂದ್ರನ್ ಹೆಸರೇ ಇರಲಿಲ್ಲ. ಕೊನೆಯ ಸಾಲಿನಲ್ಲಿ ‘ವಿಶೇಷ ಆಕರ್ಷಣೆ: ಮಿಮಿಕ್ರಿ, ಮ್ಯಾಜಿಕ್, ಜ್ಯೂ. ರವಿಚಂದ್ರನ್’ ಅಂತಿತ್ತು. ಆ ‘ಜ್ಯೂ.’ ಎಷ್ಟು ಚಿಕ್ಕದೆಂದರೆ ಮೊಬೈಲ್ ಟಾರ್ಚ್ ಹಾಕಿ ಓದಬೇಕಾಯಿತು.

ಆಮೇಲೆ ಕ್ರಿಯಾಪದ ನೋಡಬೇಕು. ಅಸಲಿ ನಟ ಬರುವುದಾದರೆ ಸಂಘಟಕರು ‘ಆಗಮಿಸುತ್ತಿದ್ದಾರೆ’ ಅಂತ ದಪ್ಪಕ್ಷರದಲ್ಲಿ ಬರೆಸದೇ ಬಿಡುವುದಿಲ್ಲ, ಅವರು ದುಡ್ಡು ಕೊಟ್ಟಿರುವುದೇ ಆ ಒಂದು ಪದಕ್ಕೆ. ಇಲ್ಲಿ ‘ಕ್ರೇಜಿಸ್ಟಾರ್ ನೈಟ್’ ಅಂತಷ್ಟೇ ಇತ್ತು. ನೈಟ್ ಅಂದರೆ ಅವರ ಹಾಡುಗಳ ರಾತ್ರಿ, ಅವರು ಬರುವ ರಾತ್ರಿ ಅಲ್ಲ. ಬರೆದವರು ಸುಳ್ಳು ಬರೆದಿರಲಿಲ್ಲ. ಓದಿದ ನಾವು ಇಲ್ಲದ ಕ್ರಿಯಾಪದವನ್ನು ಸೇರಿಸಿಕೊಂಡಿದ್ದೆವು.

ಮೂರನೆಯದು ಆ ಫೋಟೊ. ಅದು ಹರೆಯದ ರವಿಚಂದ್ರನ್ ಅವರದ್ದು, ‘ಪ್ರೇಮಲೋಕ’ದ ಕಾಲದ್ದು. ಆ ಚಿತ್ರ ಬಂದದ್ದು 1987ರಲ್ಲಿ. ರವಿಚಂದ್ರನ್ ಹುಟ್ಟಿದ್ದು 1961ರಲ್ಲಿ, ಈಗ ಅವರಿಗೆ ಅರವತ್ತು ದಾಟಿದೆ. ಅಸಲಿ ಬರುವ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಈಗಿನ ಫೋಟೊ ಹಾಕುತ್ತಾರೆ. ಹಾಗೆ ಬಂದವರು ಸಾದಾ ಬಟ್ಟೆಯಲ್ಲಿ, ಇವತ್ತಿನ ವಯಸ್ಸಿನಲ್ಲಿ ಇರುತ್ತಾರೆ. “ನಾವು ಜನರ ನೆನಪಲ್ಲಿರೋ ರವಿ ಸರ್ ಥರ ಕಾಣ್ತೀವಿ. ಅವರಿಗೆ ಆ ಕಷ್ಟ ಇಲ್ಲ, ಹೇಗಿದ್ರೂ ಅವರು ಅವರೇ” ಅಂದು ಆ ಕಲಾವಿದರು ನಕ್ಕರು.

ವಾಪಸ್ ಬರುವಾಗ ಬಸ್ಸಿನಲ್ಲಿ ಮಾತೇ ಇರಲಿಲ್ಲವಾದ್ದರಿಂದ ಯೋಚಿಸಲು ಬೇಕಾದಷ್ಟು ಸಮಯ ಸಿಕ್ಕಿತು. ಬೇಯ್ಸ್ ಪ್ರಮೇಯ ಬರೆದು ಪಾಸಾದವರು ನಾವು. ಒಂದು ಸಾಕ್ಷಿಗೆ ಬೆಲೆ ಬರುವುದು ಅದು ಒಂದು ಸಾಧ್ಯತೆಯಲ್ಲಿ ಹೆಚ್ಚಾಗಿ, ಇನ್ನೊಂದರಲ್ಲಿ ಕಡಿಮೆಯಾಗಿ ಕಂಡಾಗ. ಜ್ಯೂನಿಯರ್ ಕಲಾವಿದರ ಕೆಲಸವೇ ಹೋಲುವುದು. ಹಾಗಾಗಿ ‘ಮುಖ ಥೇಟ್ ಅವರದ್ದೇ’ ಅನ್ನುವುದು ಎರಡೂ ಕಡೆ ಸಮಸಮ, ಅದರಿಂದ ಏನೂ ತಿಳಿಯುವುದಿಲ್ಲ. ಆಗ ಉಳಿಯುವುದು ಮೊದಲಿನ ಅಂದಾಜು: ತಾಲ್ಲೂಕು ಕೇಂದ್ರದ ಒಂದು ಸರ್ಕಲ್ಲಿನಲ್ಲಿ, ಟಿಕೆಟ್ ಇಲ್ಲದೆ, ಚಂದಾ ಎತ್ತಿ ಮಾಡುವ ರಸಮಂಜರಿಗೆ ದೊಡ್ಡ ನಟ ಬರುವ ಸಂಭವ ಎಷ್ಟು? ನಾವು ಈ ಪ್ರಶ್ನೆಯನ್ನೇ ಕೇಳಿಕೊಂಡಿರಲಿಲ್ಲ. ಅಜ್ಜಿ ಕೇಳಿಕೊಂಡಿದ್ದರು.

ಇದಾದ ಮೇಲೆ ನಮಗೊಂದು ಚಟ ಹತ್ತಿತು, ಎಲ್ಲೇ ತಾರೆ ಬರ್ತಾರೆ ಅಂದರೂ ಪ್ರಚಾರ ಓದುವುದು. ನಾಲ್ಕು ತಿಂಗಳ ನಂತರ ನಮ್ಮ ಕಾಲೇಜಿರುವ ನಗರದಲ್ಲಿ ಒಂದು ಒಡವೆ ಅಂಗಡಿಯ ಉದ್ಘಾಟನೆ. ನಟಿಯೊಬ್ಬರು ಬರುತ್ತಾರೆ ಅಂತ ಸುದ್ದಿ. ಈ ಸಲ ಸ್ಟೇಟಸ್ ಹಾಕುವ ಮುಂಚೆ ಕೂತು ನೋಡಿದೆವು. ಅವರು ಆ ಅಂಗಡಿಯ ಜಾಹೀರಾತಿನಲ್ಲಿ ಮೊದಲೇ ಇದ್ದರು, ಅಂದರೆ ಬರಲು ಒಂದು ಕಾರಣ ಇತ್ತು. ಪತ್ರಿಕೆಯ ಜಾಹೀರಾತಿನಲ್ಲಿ ತಾರೀಖು, ಬೆಳಿಗ್ಗೆ 11ರ ಹೊತ್ತು, ‘ಆಗಮಿಸುತ್ತಿದ್ದಾರೆ’ ಮೂರೂ ಇದ್ದವು. “ನಮಸ್ಕಾರ, ನಾನು ನಿಮ್ಮ ಊರಿಗೆ ಬರ್ತಿದ್ದೀನಿ” ಅನ್ನುವ ಚಿಕ್ಕ ವಿಡಿಯೊ ಅವರ ಸ್ವಂತ ಖಾತೆಯಲ್ಲೇ ಇತ್ತು. ಯಾರೋ ಫಾರ್ವರ್ಡ್ ಮಾಡಿದ್ದಾದರೆ ಹಳೆಯದೂ ಇರಬಹುದು, ಬೇರೆ ಊರಿನದ್ದೂ ಇರಬಹುದು, ಆದ್ದರಿಂದ ಮೂಲ ಖಾತೆಯಲ್ಲೇ ನೋಡಬೇಕು. ಹಿಂದಿನ ಸಂಜೆ ಅಂಗಡಿ ಮುಂದೆ ಬ್ಯಾರಿಕೇಡ್ ಬಂದವು. ನಟಿ ಬಂದರು. 11ಕ್ಕಲ್ಲ, ಒಂದೂಕಾಲಿಗೆ. ಹದಿನೈದು ನಿಮಿಷ ಇದ್ದು, ದೀಪ ಬೆಳಗಿ, ಕೈಬೀಸಿ ಹೊರಟರು. ಪೋಸ್ಟರಿನಷ್ಟು ಅವರ ಹಾಗೆ ಅವರು ಕಾಣಲಿಲ್ಲ, ಆದರೂ ಯಾರಿಗೂ ಅನುಮಾನ ಬರಲಿಲ್ಲ.

ಆ ಬ್ಯಾರಿಕೇಡನ್ನು ನಾವು ಲೆಕ್ಕದಲ್ಲಿ ಕೊನೆಗೆ ಇಟ್ಟುಕೊಂಡಿದ್ದಕ್ಕೆ ಕಾರಣ ಇದೆ. ಸ್ಥಳದಲ್ಲಿ ಕಾಣುವ ದರ್ಬಾರನ್ನು ಬಾಡಿಗೆಗೂ ತರಬಹುದು. 2012ರಲ್ಲಿ ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಒಬ್ಬ ಕಾಲೇಜು ಹುಡುಗ ಅಂಗರಕ್ಷಕರು, ಕ್ಯಾಮೆರಾದವರನ್ನು ಸುತ್ತ ಇಟ್ಟುಕೊಂಡು ನಡೆದು ಹೋದ. ಅವನು ಯಾವ ನಟನನ್ನೂ ಹೋಲುತ್ತಿರಲಿಲ್ಲ, ಅವನ ಹೆಸರೂ ಯಾರಿಗೂ ಗೊತ್ತಿರಲಿಲ್ಲ. ಆದರೂ ಜನ ಮುಗಿಬಿದ್ದು ಫೋಟೊ ತೆಗೆಸಿಕೊಂಡರು, ಕೆಲವರು ಅವನ ಸಿನಿಮಾ ಚೆನ್ನಾಗಿತ್ತು ಅಂತಲೂ ಹೇಳಿದರು. ಅಲ್ಲಿ ಇಲ್ಲದಿದ್ದದ್ದು ಒಂದೇ, ಮುಂಚಿನ ಪ್ರಚಾರ. ತಾರೀಖು ಹಾಕಿ, ಹೆಸರು ಹಾಕಿ, ಹೊಣೆ ಹೊತ್ತು ಯಾರೂ ಮೊದಲೇ ಹೇಳಿರಲಿಲ್ಲ.

‘ಜ್ಯೂನಿಯರ್’ ಪದವೊಂದನ್ನೇ ನಂಬಿದರೂ ಎಡವಬಹುದು. ಜ್ಯೂನಿಯರ್ ಎನ್‌ಟಿಆರ್ ಅನುಕರಣೆಯ ಕಲಾವಿದರಲ್ಲ, ಎನ್.ಟಿ. ರಾಮರಾವ್ ಅವರ ಮೊಮ್ಮಗ, ಸ್ವತಃ ದೊಡ್ಡ ನಟ. ಅವರ ಹೆಸರು ಊರ ಫ್ಲೆಕ್ಸಿನಲ್ಲಿ ಕಂಡರೆ ಆಗಲೂ ನೋಡಬೇಕಾದ್ದು ಅದೇ: ಯಾವ ಸಾಲಿನಲ್ಲಿದೆ, ಕ್ರಿಯಾಪದ ಯಾವುದು, ಯಾರ ಖಾತೆಯಲ್ಲಿ ಬಂದಿದೆ.

ಇನ್ನು ದುಡ್ಡಿನ ವಿಷಯ. ಬಸ್ಸಿನವರಿಗೆ ಕೊಟ್ಟದ್ದು ಕೊಟ್ಟಾಗಿತ್ತು. ಹಾಸ್ಟೆಲ್ ಪಂಚಾಯಿತಿಯಲ್ಲಿ, ರಸಮಂಜರಿ ಕಡೆಯವರೆಗೂ ನೋಡಿ ಕುಣಿದಿದ್ದೀರಲ್ಲ ಅನ್ನುವ ವಾದಕ್ಕೆ ಸ್ವಲ್ಪ ಬೆಲೆ ಸಿಕ್ಕಿ, ಅರ್ಧ ವಾಪಸ್ ಅಂತ ತೀರ್ಮಾನ ಆಯಿತು. 5,250 ರೂಪಾಯಿ, ನಾಲ್ವರಿಗೆ ತಲಾ 1,312 ರೂಪಾಯಿ 50 ಪೈಸೆ. ಐವತ್ತು ಪೈಸೆಯನ್ನೂ ಬಿಡದೆ ವಸೂಲಿ ಮಾಡಿದವನು ‘ಡೂಪ್ಲಿಕೇಟು’ ಅಂತ ಕೂಗಿದವನೇ.

ಆ ರಾತ್ರಿ ಕಲಾವಿದರು ಹೇಳಿದ ಇನ್ನೊಂದು ಮಾತು ದುಡ್ಡಿಗಿಂತ ಹೆಚ್ಚು ದಿನ ಉಳಿಯಿತು. “ನಾನು ಬುಕಿಂಗ್ ಮಾಡ್ಕೊಳ್ವಾಗಲೇ ಜ್ಯೂನಿಯರ್ ಅಂತ ದೊಡ್ಡದಾಗಿ ಹಾಕ್ಸಿ ಅಂತೀನಿ. ಹೂಂ ಅಂತಾರೆ, ಹಾಕ್ಸೋದು ಇಷ್ಟೇ. ಬಂದವರು ಬೈಯೋದು ನನ್ನ.” ಅವರು ಎಲ್ಲಿಯೂ ತಾನು ಅವರೇ ಅಂತ ಹೇಳಿಕೊಂಡಿರಲಿಲ್ಲ. ಅವರದ್ದು ಹೋಲುವ ಕಲೆ. ಮುಚ್ಚಿಡುವ ಕೆಲಸ ನಡೆದದ್ದು ಅಕ್ಷರ ಚಿಕ್ಕದು ಮಾಡಿದವರಿಂದ, ಮತ್ತು ಅದನ್ನೂ ಕತ್ತರಿಸಿ ಹಾಕಿದ ನಮ್ಮಿಂದ.

ಈ ವರ್ಷ ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಅವರನ್ನೇ ಕರೆದಿದ್ದೇವೆ. ಪೋಸ್ಟರ್ ಮಾಡುವ ದಿನ ಡಿಸೈನ್ ಮಾಡುವ ಹುಡುಗಿ “ಜ್ಯೂನಿಯರ್ ಅಂತ ಇಷ್ಟು ದೊಡ್ಡದು ಹಾಕಿದ್ರೆ ಯಾರು ಬರ್ತಾರೆ?” ಅಂತ ಕೇಳಿದಳು. ಅರ್ಧ ಗಂಟೆ ಜಗಳ ಆಯಿತು. ಕೊನೆಗೆ ಎರಡೂ ಪದ ಒಂದೇ ಅಳತೆಯಲ್ಲಿ ಅಚ್ಚಾಗಿವೆ, ಫೋಟೊ ಕೂಡ ಅವರದ್ದೇ. ಯಾರು ಬರ್ತಾರೆ ಅನ್ನುವುದು ಆವತ್ತು ಗೊತ್ತಾಗುತ್ತದೆ. ಯಾರು ವೇದಿಕೆಗೆ ಬರ್ತಾರೆ ಅನ್ನುವುದು ಮಾತ್ರ ಈಗಲೇ ಗೊತ್ತಿದೆ.