ಇಪ್ಪತ್ತುನಾಲ್ಕು ಸೆಕೆಂಡುಗಳ ಬರವಣಿಗೆ

ಮೂವತ್ತು ವರುಷಕ್ಕೂ ಮಿಕ್ಕಿ ಹುಡುಗರಿಗೆ ಸಂಸ್ಕೃತ ಕಲಿಸಿ ನಿವೃತ್ತನಾದ ನನಗೆ ಬೇಕರಿಯ ರೀಲಿಗೆ ಮಾತು ಬರೆಯುವ ಪ್ರಸಂಗ ಒದಗೀತೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ. 2025ರ ದೀಪಾವಳಿಗೆ ಮೂರು ವಾರಗಳಿರುವಾಗ, ಹಾನಗಲ್ಲಿನ ನಮ್ಮ ಓಣಿಯಲ್ಲಿ ಬೇಕರಿ ನಡೆಯಿಸುವ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಅವನ ಬಳಿ ಇದ್ದುದು ಒಂದು ಫೋನು, ಖರ್ಚಿಗೆಂದು ಐದುನೂರು ರೂಪಾಯಿ.

“ಮಾಸ್ತರ, ನಾನ್‌ಖಟಾಯಿ ಸಲುವಾಗಿ ಒಂದು ರೀಲ್ ಮಾಡಬೇಕಾಗೇದ್ರಿ. ಮಾತು ನೀವ ಬರದು ಕೊಡ್ರಿ.”

ನಾನು ಬಲಿಚಕ್ರವರ್ತಿಯಿಂದ ತೊಡಗಿ ಎರಡು ಪುಟ ಬರೆದೆನು. ಅವನು ಓದಿ ತಲೆ ಕೆರೆದುಕೊಂಡು, “ಇದು ಪುರಾಣ ಆತ್ರಿ. ಮೂರು ಸೆಕೆಂಡಿನೊಳಗ ಮಂದಿ ಬೆರಳಿಲೆ ಸರಿಸಿಬಿಡತಾರ್ರಿ” ಎಂದನು. ಮನಸ್ಸಿಗೆ ತುಸು ನೋವಾಯಿತು. ಆದರೆ ಮಿತವಾದ ಅಕ್ಷರಗಳಲ್ಲಿ, ಸಂಶಯಕ್ಕೆ ಎಡೆಯಿಲ್ಲದಂತೆ ಹೇಳುವುದೇ ಸೂತ್ರದ ಲಕ್ಷಣವೆಂದು ಇಷ್ಟು ಕಾಲ ಪಾಠ ಹೇಳಿದವನು ನಾನೇ ಅಲ್ಲವೆ!

ಹಿಂದಿನ ವರುಷ ಅವನು ತಾನೇ ಒಂದು ರೀಲು ಮಾಡಿದ್ದನು. ಅದರಲ್ಲಿ ಊರಿನ ಹೆಸರಿರಲಿಲ್ಲ, ಕಡೆಯ ದಿನವಿರಲಿಲ್ಲ. ಶಿಗ್ಗಾವಿ, ಸವಣೂರು, ಹಿರೇಕೆರೂರುಗಳಿಂದಲೂ ಕರೆಗಳು ಬಂದವು. ಎಲ್ಲರಿಗೂ ಹೂಂ ಎಂದನು. ಹಬ್ಬದ ಮುನ್ನಾದಿನ ಬರಿಗೈಯಲ್ಲಿ ಹಿಂದಿರುಗಿದವರಲ್ಲಿ ದಿನವೂ ಬ್ರೆಡ್ಡು ಒಯ್ಯುವ ನೆರೆಯವರೇ ಹೆಚ್ಚು. ಅವರಲ್ಲಿ ಕೆಲವರು ಮತ್ತೆ ಆ ಅಂಗಡಿಯ ಮೆಟ್ಟಿಲೇರಲಿಲ್ಲ.

ಆದುದರಿಂದ ಈ ಸಲ ನಾವು ಕ್ಯಾಮೆರಾದಿಂದಲ್ಲ, ಭಟ್ಟಿಯಿಂದ ಆರಂಭಿಸಿದೆವು. ಒಂದು ಟ್ರೇಗೆ ಸುಮಾರು ಒಂದು ಕಿಲೋ. ಭಟ್ಟಿಗೆ ಒಮ್ಮೆಗೆ ನಾಲ್ಕು ಟ್ರೇ. ಇಡುವುದು, ಬೇಯಿಸುವುದು, ತೆಗೆಯುವುದು ಸೇರಿ ಅರ್ಧ ತಾಸು. ಬ್ರೆಡ್ಡು, ಬನ್ನುಗಳ ಕೆಲಸ ಮುಗಿದ ಮೇಲೆ ರಾತ್ರಿ ಉಳಿಯುವುದು ಮೂರೇ ತಾಸು. ಅಂದರೆ ದಿನಕ್ಕೆ 24 ಕಿಲೋ. ಹಬ್ಬದ ಹಿಂದಿನ ಮೂರು ದಿನಗಳಿಗೆ 72. ಅಂಗಡಿಯಲ್ಲಿ ಬಿಡಿಯಾಗಿ ಮಾರಲು 12 ತೆಗೆದರೆ ಮುಂಗಡ ಹೇಳಿಕೆಗೆ ಉಳಿಯುವುದು 60 ಕಿಲೋ. ಈ ಅರುವತ್ತೇ ನಮ್ಮ ಬರವಣಿಗೆಯ ಬೀಜವಾಯಿತು.

ಕಡೆಗೆ ನಿಂತ ಬರವಣಿಗೆ ಇದು. ಮೊದಲ 3 ಸೆಕೆಂಡು: ಎರಡು ಬೆರಳುಗಳು ನಾನ್‌ಖಟಾಯಿಯನ್ನು ಮುರಿಯುತ್ತವೆ, ಮಾತಿಲ್ಲ, ಮುರಿಯುವ ಸದ್ದು ಮಾತ್ರ. 4 ಸೆಕೆಂಡು: ಅವನ ತಾಯಿಯ ಕೈಗಳು ಹಿಟ್ಟಿನ ಉಂಡೆಯನ್ನೊತ್ತಿ ಟ್ರೇಯಲ್ಲಿಡುತ್ತವೆ. 5 ಸೆಕೆಂಡು: ಬೆಳ್ಳಗಿನ ಟ್ರೇ ಒಳಕ್ಕೆ, ಹೊಂಬಣ್ಣದ ಟ್ರೇ ಹೊರಕ್ಕೆ. 5 ಸೆಕೆಂಡು: ತಕ್ಕಡಿಯ ಮೇಲೆ ಅರ್ಧ ಕಿಲೋ ಡಬ್ಬಿ, ಪಕ್ಕದಲ್ಲಿ ಬೆಲೆ. ಕೊನೆಯ 7 ಸೆಕೆಂಡು: ಅವನು ಬಾಗಿಲಲ್ಲಿ ನಿಂತು, “ಹಾನಗಲ್ಲಿನವರಿಗೆ ಅಷ್ಟರೀ. ಅರವತ್ತು ಕಿಲೋ ಮಾಡತೀವಿ. ಹದಿನಾರನೇ ತಾರೀಖಿನೊಳಗ ಹೇಳ್ರಿ” ಎನ್ನುತ್ತಾನೆ. ನಾನು “ಶುದ್ಧ ತುಪ್ಪದ್ದು” ಎಂದು ಬರೆದಿದ್ದೆನು. ಅರ್ಧ ವನಸ್ಪತಿಯೆಂದು ಅವನು ನಿಜ ನುಡಿದುದರಿಂದ ಅದನ್ನು ಹೊಡೆದುಹಾಕಿದೆವು.

ಚಿತ್ರ ತೆಗೆಯುವಾಗ ಮೂರು ತಪ್ಪುಗಳು ಕಲಿಸಿದವು. ಬಿಸಿಯಾಗಿದ್ದ ನಾನ್‌ಖಟಾಯಿ ಮೆತ್ತಗೆ ಕುಸಿಯಿತೇ ಹೊರತು ಸದ್ದು ಮಾಡಿ ಮುರಿಯಲಿಲ್ಲ. ಚೆನ್ನಾಗಿ ಆರಿದುದನ್ನು ಮುರಿಯಬೇಕಾಯಿತು. ಒಳಗಿನ ಟ್ಯೂಬ್‌ಲೈಟಿನಡಿಯಲ್ಲಿ ಚಿತ್ರದ ಮೇಲೆ ಕಪ್ಪು ಪಟ್ಟಿಗಳು ಹರಿದಾಡಿದವು. ವಿದ್ಯುತ್ತಿನ ಲಯಕ್ಕೆ ಅಂಥ ದೀಪ ಕಣ್ಣಿಗೆ ಕಾಣದಷ್ಟು ಬೇಗ ಮಿನುಗುತ್ತದೆ. ಫೋನು ಆ ಮಿನುಗನ್ನು ಹಿಡಿದುಬಿಡುತ್ತದೆ. ದೀಪವಾರಿಸಿ, ಮೇಜನ್ನು ಬಾಗಿಲ ಬಳಿಗೆ ಸರಿಸಿ, ಬೆಳಗಿನ ಬೆಳಕು ಪಕ್ಕದಿಂದ ಬೀಳುವಂತೆ ಮಾಡಿದೊಡನೆ ಪಟ್ಟಿ ಮಾಯವಾಯಿತು. ಫೋನಿಗೆ ಬಿಸ್ಕಿಟ್ ಡಬ್ಬಗಳೇ ಆಧಾರ. ಹಿಟ್ಟಿನ ಧೂಳು ಕೂರುವ ಕಾರಣ ಪ್ರತಿ ಸಲವೂ ಕಣ್ಣನ್ನು ಒರೆಸಿದೆವು. ಮೂರನೆಯದು ಅಕ್ಷರಗಳದು: ಪರದೆಯ ಕೆಳಗೆ ಬರೆದ ತಾರೀಖು, ರೀಲಿನ ಸ್ವಂತ ಗುರುತುಗಳ ಅಡಿಯಲ್ಲಿ ಮುಚ್ಚಿಹೋಯಿತು. ಆದುದರಿಂದ ಊರು, ಬೆಲೆ, ಕಡೆಯ ದಿನ ಮೂರನ್ನೂ ನಡುವೆ ದಪ್ಪಗೆ ಬರೆದೆವು. ಸದ್ದಡಗಿಸಿ ನೋಡುವವರಿಗೂ ವಿಷಯ ತಿಳಿಯಬೇಕಷ್ಟೆ.

ಅಕ್ಟೋಬರ್ 8ರಂದು ರೀಲು ಹೊರಬಿತ್ತು. ನೋಡಿದವರು ಹಿಂದಿನ ವರುಷಕ್ಕಿಂತ ಕಡಿಮೆ. ಶಿಷ್ಯನ ಮುಖ ಬಾಡಿತು. ಆದರೆ 14ರ ಸಂಜೆಗೆ ಅರುವತ್ತೂ ಕಿಲೋ ತುಂಬಿತು. ಆ ರಾತ್ರಿಯೇ ಅವನು ರೀಲಿನಡಿ “ಮುಗಿದದ್ರಿ” ಎಂದು ಬರೆದನು. ಮರುದಿನ ಬಂದ ಕರೆಗಳಿಗೆ ಇಲ್ಲವೆನ್ನುವಾಗ ಅವನ ದನಿ ನಡುಗುತ್ತಿತ್ತು, ಆದರೂ ಇಲ್ಲವೆಂದನು.

20ರಂದು ನರಕಚತುರ್ದಶಿ. ಹಿಂದಿನ ಸಂಜೆ ಅಂಗಡಿಗೆ ಹೋದೆನು. ಹೆಸರು ಬರೆದ ಡಬ್ಬಿಗಳು ಒಂದೊಂದಾಗಿ ಹೊರಡುತ್ತಿದ್ದವು. ಹಿಂದಿನ ವರುಷ ಮುನಿದುಹೋಗಿದ್ದ ಮುದುಕಿಯೊಬ್ಬಳು ತನ್ನದನ್ನೆತ್ತಿಕೊಂಡು, “ಈ ಸಲ ಎಣಿಸಿ ಮಾತಾಡೀಯಪ್ಪಾ” ಎಂದಳು. ಐದುನೂರು ರೂಪಾಯಿಯಲ್ಲಿ ಖರ್ಚಾದುದು ತೊಂಬತ್ತು. ಅದೂ ಹೆಸರಿನ ಚೀಟಿಗಳಿಗೆ.