ತೇಲುವ ನಳಿಗೆಯೂ ಎರಡು ಅಂಕಗಳೂ

ನನ್ನ ವಿದ್ಯಾರ್ಥಿ ಮಿತ್ರರಲ್ಲಿ ಕೆಲವರಾದರೂ ಆ ಪ್ರಯೋಗವನ್ನು ಮರೆತಿರಲಾರರು. ಸಪಾಟು ತಳದ ಗಾಜಿನ ನಳಿಗೆಯೊಳಗೆ ಸೀಸದ ಗುಂಡುಗಳನ್ನು ತುಂಬಿ, ಅದನ್ನು ಬಕೆಟ್ಟಿನ ನೀರಿನಲ್ಲಿ ನೆಟ್ಟಗೆ ತೇಲಿಬಿಟ್ಟು, ಬೆರಳಿನಿಂದ ಮೆಲ್ಲಗೆ ಒತ್ತಿ ಕೈ ತೆಗೆಯುವುದು. ನಳಿಗೆಯು ಏಳುತ್ತ ಬೀಳುತ್ತ ತಲೆದೂಗುವುದು. ಹತ್ತು ಆಂದೋಲನಗಳಿಗೆ ಹಿಡಿಯುವ ಸಮಯವನ್ನು ಸ್ಟಾಪ್‌ವಾಚಿನಿಂದ ಅಳೆದು, ಸೂತ್ರದೊಂದಿಗೆ ತಾಳೆ ನೋಡುವುದು.

1986ರ ಮಳೆಗಾಲವೆಂದು ನೆನಪು. ಧಾರವಾಡದ ಜಿಟಿಜಿಟಿ ಮಳೆ ಹಿಡಿದಿತ್ತು. ಕೆಲಗೇರಿಯ ಕಡೆಯಿಂದ ಸೈಕಲ್ಲಿನ ಮೇಲೆ ಬರುತ್ತಿದ್ದ ಹುಡುಗನೊಬ್ಬನು ತನ್ನ ಪುಸ್ತಕವನ್ನು ನನ್ನ ಮುಂದೆ ಹಿಡಿದು, "ಸರ್, ನಂದು ಪ್ರತಿ ಸಲಾನೂ ಹೆಚ್ಚ ಬರಾಕತ್ತೈತ್ರಿ" ಎಂದನು. ಅವನ ನಳಿಗೆಯು 15 ಸೆಂ.ಮೀ. ಮುಳುಗಿತ್ತು. ಸೂತ್ರದ ಪ್ರಕಾರ ಹತ್ತು ಆಂದೋಲನಗಳಿಗೆ 7.8 ಸೆಕೆಂಡು ಬರಬೇಕು. ಅವನು ಐದು ಸಲ ಅಳೆದಿದ್ದನು: 7.9, 8.0, 7.9, 7.9, 8.0. ಉಳಿದವರ ಪುಸ್ತಕಗಳಲ್ಲೆಲ್ಲ 7.8 ಎಂಬ ಅಂಕಿ ಅಚ್ಚು ಹಾಕಿದಂತೆ ಕುಳಿತಿತ್ತು. ಅವು ಎಲ್ಲಿಂದ ಬಂದವೆಂಬುದು ನನಗೆ ತಿಳಿಯದ ಸಂಗತಿಯೇನಲ್ಲ. ಆದರೂ ನಾನು ಆ ಹುಡುಗನಿಗೆ, "ನೀನು ಗಡಿಯಾರವನ್ನು ತಡವಾಗಿ ನಿಲ್ಲಿಸುತ್ತಿರುವೆ" ಎಂದು ಹೇಳಿ ಎರಡು ಅಂಕ ಕಳೆದೆನು. ಅವನು ಮರುಮಾತಾಡಲಿಲ್ಲ.

ಮೊದಲು ಸೂತ್ರವನ್ನು ಒಮ್ಮೆ ನೆನಪಿಸಿಕೊಳ್ಳೋಣ. ಕರಿಹಲಗೆ ಇಲ್ಲದಿದ್ದರೂ ಇದನ್ನು ಬಾಯಿಮಾತಿನಲ್ಲಿಯೇ ಹೇಳಬಹುದು. ನಳಿಗೆಯ ಅಡ್ಡಕೊಯ್ತದ ವಿಸ್ತೀರ್ಣ A ಇರಲಿ, ಅದು ಮುಳುಗಿದ ಆಳ L ಇರಲಿ, ನೀರಿನ ಸಾಂದ್ರತೆ ρ ಇರಲಿ. ತೇಲುವ ವಸ್ತುವು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆಂಬ ಆರ್ಕಿಮಿಡೀಸನ ನಿಯಮದಂತೆ ನಳಿಗೆಯ ದ್ರವ್ಯರಾಶಿ ρAL. ಈಗ ಅದನ್ನು x ನಷ್ಟು ಕೆಳಗೆ ಒತ್ತಿದರೆ, ಹೆಚ್ಚಿಗೆ ಸರಿದ ನೀರಿನ ತೂಕವಾದ ρAxg ಎಂಬಷ್ಟು ಬಲವು ಅದನ್ನು ಮೇಲಕ್ಕೆ ನೂಕುತ್ತದೆ. x ನಷ್ಟು ಮೇಲೆತ್ತಿದರೆ ತೇಲುಬಲವು ಅಷ್ಟೇ ಕಡಿಮೆಯಾಗಿ ಅದು ಕೆಳಕ್ಕೆ ಎಳೆಯಲ್ಪಡುತ್ತದೆ. ಬಲವು ಯಾವಾಗಲೂ ಸಮತೋಲದ ಕಡೆಗೆ, ಮತ್ತು ಸರಿದ ದೂರಕ್ಕೆ ಅನುಪಾತವಾಗಿ ಇರುವುದರಿಂದ ಇದು ಸರಳ ಸಂಗತ ಚಲನೆ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದಾಗ ρ ಹೋಯಿತು, A ಹೋಯಿತು. ವೇಗೋತ್ಕರ್ಷವು gx/L ಎಂದು ಉಳಿಯಿತು. ಆದುದರಿಂದ ಆಂದೋಲನದ ಅವಧಿ:

T = 2π√(L/g)

ಇದು L ಉದ್ದದ ಸರಳ ಲೋಲಕದ ಸೂತ್ರವೇ ಹೌದು. ಇಲ್ಲಿ L ಎಂದರೆ ನಳಿಗೆಯ ಪೂರ್ಣ ಉದ್ದವಲ್ಲ, ನೀರಿನೊಳಗಿನ ಭಾಗ ಮಾತ್ರ. ಪರೀಕ್ಷೆಯಲ್ಲಿ ಪ್ರತಿ ವರ್ಷ ಹತ್ತಾರು ಜನ ಜಾರುತ್ತಿದ್ದುದು ಇಲ್ಲಿಯೇ.

ಇನ್ನು ನನ್ನ ಕಥೆ. ನಿವೃತ್ತಿಯ ನಂತರ ಒಂದು ಬೇಸಿಗೆಯಲ್ಲಿ ಮೊಮ್ಮಗನು ರಜೆಗೆ ಬಂದಿದ್ದಾಗ ಅವನಿಗೆ ಈ ಲೋಲಕದ ಸಾಮ್ಯವನ್ನು ಕಣ್ಣಾರೆ ತೋರಿಸಬೇಕೆನಿಸಿತು. ನಳಕ್ಕೆ ನೀರು ಬಂದ ದಿನ ತುಂಬಿಸಿಡುವ ದೊಡ್ಡ ಡ್ರಮ್ಮು ಹಿತ್ತಲಿನಲ್ಲಿತ್ತು. 4 ಸೆಂ.ಮೀ. ಹೊರವ್ಯಾಸದ ಪ್ಲಾಸ್ಟಿಕ್ ಪೈಪಿನ 40 ಸೆಂ.ಮೀ. ತುಂಡಿನ ತಳಕ್ಕೆ ಮರದ ಸಪಾಟು ಬಿಲ್ಲೆ ಜಡಿದು ಎಂ-ಸೀಲ್ ಮೆತ್ತಿದೆನು. ಮೊದಲು ಮರಳು ತುಂಬಿ ನೋಡಿದೆನು. ಪೈಪು ಕುಡಿದವನಂತೆ ಅತ್ತಿತ್ತ ವಾಲಾಡಿತು. ಮರಳು ಎತ್ತರದವರೆಗೂ ತುಂಬುವುದರಿಂದ ಗುರುತ್ವಕೇಂದ್ರವು ಮೇಲೇರಿಬಿಡುತ್ತದೆ. ಆಗ ಮೇಲೆ-ಕೆಳಗಿನ ಚಲನೆಯಲ್ಲಿ ಓಲಾಟವೂ ಬೆರೆತು ಎಣಿಕೆ ಕೆಡುತ್ತದೆ. ಸೈಕಲ್ ಅಂಗಡಿಯಿಂದ ಉಕ್ಕಿನ ಗುಂಡುಗಳನ್ನು ತಂದು ಹಾಕಿದ ಮೇಲೆ ಅದು ನೆಟ್ಟಗೆ ನಿಂತಿತು. 25 ಸೆಂ.ಮೀ. ಮುಳುಗುವಷ್ಟು ಗುಂಡು ಹಾಕಿದೆನು. ಒಟ್ಟು ತೂಕ ಸುಮಾರು 314 ಗ್ರಾಂ.

ಡ್ರಮ್ಮಿನ ಪಕ್ಕದಲ್ಲಿ, ಗುಂಡಿನ ನಡುವಿನವರೆಗೆ ಸರಿಯಾಗಿ 25 ಸೆಂ.ಮೀ. ಇರುವಂತೆ ಲೋಲಕವೊಂದನ್ನು ಇಳಿಬಿಟ್ಟೆನು. ಎರಡರದೂ ಅವಧಿ ಹೆಚ್ಚುಕಡಿಮೆ ಒಂದು ಸೆಕೆಂಡು. ನಾನು ಪೈಪನ್ನೂ ಮೊಮ್ಮಗನು ಲೋಲಕವನ್ನೂ ಒಮ್ಮೆಗೇ ಬಿಟ್ಟೆವು. ಮೊದಲ ಮೂರು ನಾಲ್ಕು ಆಂದೋಲನ ಜೊತೆಜೊತೆಯಾಗಿ ನಡೆದವು. ಆಮೇಲೆ ಹುಡುಗನು ಕೂಗಿದನು: "ಅಜ್ಜಾ, ಪೈಪು ಹಿಂದ ಬೀಳಾಕತ್ತೈತಿ!"

ಮತ್ತೆ ಬಿಟ್ಟೆವು, ಮತ್ತೆ ಹಿಂದೆ ಬಿತ್ತು. ಇಲ್ಲಿ ಗಡಿಯಾರವೂ ಇಲ್ಲ, ಅದನ್ನು ತಡವಾಗಿ ನಿಲ್ಲಿಸುವ ಬೆರಳೂ ಇಲ್ಲ. ನನಗೆ ಒಮ್ಮೆಲೇ ಆ ಕೆಲಗೇರಿಯ ಹುಡುಗ ನೆನಪಾದನು.

ನೀರಿನ ಘರ್ಷಣೆಯಿಂದ ಹೀಗಾಗುತ್ತಿರಬಹುದೆಂದು ಮೊದಲು ಎಣಿಸಿದೆನು. ಆದರೆ ಲೆಕ್ಕ ಹಾಕಿದಾಗ ಆ ನೆಪ ನಿಲ್ಲಲಿಲ್ಲ. ಘರ್ಷಣೆಯು ಆಂದೋಲನದ ವಿಸ್ತಾರವನ್ನು ಬೇಗ ಕುಗ್ಗಿಸುತ್ತದೆಯೇ ಹೊರತು ಅವಧಿಯನ್ನು ಅಷ್ಟಾಗಿ ಮುಟ್ಟುವುದಿಲ್ಲ. ಎರಡು ಆಂದೋಲನಗಳಿಗೊಮ್ಮೆ ವಿಸ್ತಾರವು ಅರ್ಧಕ್ಕಿಳಿದರೂ ಅವಧಿಯಲ್ಲಾಗುವ ವ್ಯತ್ಯಾಸ ಸಾವಿರದಲ್ಲಿ ಒಂದೆರಡು ಪಾಲು ಮಾತ್ರ. ನಮ್ಮ ಮುಂದಿದ್ದುದು ನೂರರಲ್ಲಿ ಒಂದೆರಡು ಪಾಲು.

ಕಾರಣ ಬೇರೆ. ಸೂತ್ರವನ್ನು ಸಾಧಿಸುವಾಗ ನಾವು ಪೈಪು ಒಂದೇ ಚಲಿಸುತ್ತದೆಂದು ಭಾವಿಸುತ್ತೇವೆ. ಪೈಪು ಕೆಳಗಿಳಿಯಬೇಕಾದರೆ ಅದರ ತಳದ ನೀರು ಸರಿದು ದಾರಿ ಬಿಡಬೇಕು. ಮೇಲೇಳುವಾಗ ಅದೇ ನೀರು ಒಳನುಗ್ಗಬೇಕು. ಆ ನೀರನ್ನೂ ಪೈಪೇ ನೂಕಬೇಕು, ಪೈಪೇ ತಡೆಯಬೇಕು. ಆದುದರಿಂದ ಪೈಪು ತನ್ನದಲ್ಲದ ಸ್ವಲ್ಪ ದ್ರವ್ಯರಾಶಿಯನ್ನು ಹೊತ್ತಂತೆ ನಡೆಯುತ್ತದೆ. ಜರ್ಮನಿಯ ಬೆಸೆಲ್ ಎಂಬ ಖಗೋಳಜ್ಞನು 1828ರಲ್ಲಿಯೇ, ಗಾಳಿಯಲ್ಲಿ ತೂಗುವ ಲೋಲಕಕ್ಕೂ ಇಂಥ ಹೆಚ್ಚುವರಿ ಹೊರೆ ಇರುತ್ತದೆಂದು ತೋರಿಸಿದ್ದನು. ನಾನು ಮೂವತ್ತು ವರ್ಷ ಪಾಠ ಹೇಳಿದ ಪುಸ್ತಕದಲ್ಲಿ ಮಾತ್ರ ಅದರ ಸುಳಿವಿರಲಿಲ್ಲ. ನಾನೂ ಹುಡುಕಿರಲಿಲ್ಲ.

ತಳ ಸಪಾಟಾಗಿದ್ದು ತ್ರಿಜ್ಯವು a ಆಗಿದ್ದರೆ ಈ ಹೊರೆ ಸುಮಾರು (4/3)ρa³. ನಮ್ಮ ಪೈಪಿಗೆ a = 2 ಸೆಂ.ಮೀ.; ಹೊರೆ ಹತ್ತು ಹನ್ನೊಂದು ಗ್ರಾಂ. ಅದನ್ನು ಪೈಪಿನ ದ್ರವ್ಯರಾಶಿಗೆ ಕೂಡಿಸಿ ಮತ್ತೆ ಭಾಗಾಕಾರ ಮಾಡಿದರೆ, ಸೂತ್ರದಲ್ಲಿಯ L ಗೆ ಬದಲಾಗಿ L + 0.42a ಬರುತ್ತದೆ. ಇದನ್ನು ಕಂಡು ನನಗೆ ಬಹಳ ಸಂತೋಷವಾಯಿತು, ಏಕೆಂದರೆ ಈ ಸೇರ್ಪಡೆಯು ಎಷ್ಟು ಆಳ ಮುಳುಗಿದೆ ಎಂಬುದನ್ನು ಕೇಳುವುದೇ ಇಲ್ಲ. ಪೈಪಿನ ದಪ್ಪವನ್ನು ಮಾತ್ರ ಕೇಳುತ್ತದೆ. ನಮ್ಮದಕ್ಕೆ ಅದು ಎಂಟೂವರೆ ಮಿಲಿಮೀಟರು. ಲೋಲಕದ ದಾರವನ್ನು ಚೂರುಚೂರಾಗಿ ಸಡಿಲಿಸುತ್ತ ಹೋದೆವು. ಉದ್ದವು 26 ಸೆಂ.ಮೀ.ಗೆ ಕೊಂಚ ಕಡಿಮೆ ಇರುವಾಗ ಪೈಪೂ ಲೋಲಕವೂ, ಪೈಪು ಸುಸ್ತಾಗಿ ನಿಲ್ಲುವವರೆಗೆ, ಹೆಜ್ಜೆ ತಪ್ಪದೆ ನಡೆದವು.

ಮನೆಯಲ್ಲಿ ಮಾಡಿ ನೋಡುವವರಿಗೆ ಎರಡು ಮಾತು. ಕಿರಿದಾದ ಜಾಡಿಯಲ್ಲಿ ಮಾಡಬೇಡಿರಿ. ಪೈಪು ಇಳಿದಂತೆ ಸುತ್ತಲಿನ ನೀರೂ ಏರಿ ಲೆಕ್ಕವೇ ಬೇರೆಯಾಗುತ್ತದೆ. ದುಂಡು ತಳದ ಪರೀಕ್ಷಾನಳಿಕೆಯೂ ಬೇಡ. ಅದರಲ್ಲಿ ತುದಿಯವರೆಗೆ ಆಳ ಅಳೆದರೆ, ದುಂಡಾದ ತುದಿಯಿಂದ ಕಡಿಮೆಯಾಗುವ ಉದ್ದವೂ ನೀರಿನ ಹೊರೆಯಿಂದ ಕೂಡುವ ಉದ್ದವೂ ಬಹುಮಟ್ಟಿಗೆ ಸಮನಾಗಿ, ಹಳೆಯ ಸೂತ್ರವೇ ಸರಿ ಎಂಬ ಭ್ರಮೆ ಹುಟ್ಟುತ್ತದೆ.

ಅಂದು ರಾತ್ರಿ ಊಟವಾದ ಮೇಲೆ ಆ ಹುಡುಗನ ಅಂಕಿಗಳನ್ನು ಹಿಡಿದು ಕುಳಿತೆನು. ನಮ್ಮ ಗಾಜಿನ ನಳಿಗೆಗಳ ವ್ಯಾಸ 3 ಸೆಂ.ಮೀ. ಇತ್ತು. 15ಕ್ಕೆ 0.63 ಕೂಡಿಸಿದೆನು. ಹತ್ತು ಆಂದೋಲನಗಳಿಗೆ ಬಂದ ಉತ್ತರ 7.93 ಸೆಕೆಂಡು. ಅವನ ಐದು ಅಳತೆಗಳ ಸರಾಸರಿ 7.94.

ಅವನೀಗ ಐವತ್ತು ದಾಟಿರಬೇಕು. ಎಲ್ಲಿರುವನೋ ತಿಳಿಯದು. ಇದನ್ನು ಓದುವ ಅವನ ಸಹಪಾಠಿಗಳು ಯಾರಾದರೂ ಗುರುತು ಹಿಡಿದರೆ, ಆ ಎರಡು ಅಂಕಗಳನ್ನು ನಾನು ಮರಳಿ ಕೊಟ್ಟಿರುವೆನೆಂದು ಅವನಿಗೆ ತಿಳಿಸಿರಿ. 7.8 ಬರೆದ ನಿಮ್ಮೆಲ್ಲರ ಅಂಕಗಳ ವಿಷಯವನ್ನು ನಾವು ಎದುರಾದಾಗ ಮಾತಾಡೋಣ.